ಉಪನ್ಯಾಸದಲ್ಲಿ ಕೇಳಿದ ರೋಗಿ, ಹಾಳೆಯ ಮೇಲೆ ಬರೆಯುವ ರೋಗಿ

(ಮೈಸೂರಿನಲ್ಲಿ ಹೌಸ್‌ಸರ್ಜನ್‌ಗಳು ಮತ್ತು ಅಂತಿಮ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ರೋಗಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸ್ಕ್ರಬ್ ಟೈಫಸ್ ಕುರಿತು ನಾನು ಇದೇ ಕೋಣೆಯಲ್ಲಿ ಒಂದು ಗಂಟೆ ಉಪನ್ಯಾಸ ಮಾಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದಿದ್ದ, ಕೂಲಿ ಕೆಲಸ ಮಾಡುವ, 46 ವರ್ಷದ ಮಹಿಳೆಯೊಬ್ಬರ ಕಥೆಯನ್ನು ಅದರ ನಡುನಡುವೆ ಹೇಳಿದ್ದೆ. ಮುಗಿದ ಮೇಲೆ, ಅದೇ ಉಪನ್ಯಾಸವನ್ನು ಹಿಸ್ಟರಿ, ತಪಾಸಣೆ, ರೋಗನಿರ್ಣಯ, ಯೋಜನೆ ಎಂಬ ನಾಲ್ಕು ಭಾಗಗಳ ಕೇಸ್ ಪ್ರೆಸೆಂಟೇಷನ್ ಆಗಿ ಬರೆದು ತರಬೇಕೆಂದು ಕೆಲವರಿಗೆ ಹೇಳಿದ್ದೆ. ಬಂದ ಹಾಳೆಗಳಲ್ಲಿ ಹೆಚ್ಚಿನವು ಒಂದೇ ಬಗೆಯಲ್ಲಿ ಶುರುವಾಗಿದ್ದವು: "46 ವರ್ಷದ ಮಹಿಳೆ, ಸ್ಕ್ರಬ್ ಟೈಫಸ್‌ನ ಲಕ್ಷಣಗಳೊಂದಿಗೆ ದಾಖಲಾಗಿದ್ದಾರೆ." ಆ ಮಹಿಳೆ ಹಾಗೆ ದಾಖಲಾಗಲಿಲ್ಲ. ಅವರು ಜ್ವರ ಎಂದು ದಾಖಲಾದರು. ಇಂದಿನ ಮಾತೆಲ್ಲ ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ಕುರಿತದ್ದು.

ತಪ್ಪು ವಿದ್ಯಾರ್ಥಿಗಳದ್ದು ಮಾತ್ರವಲ್ಲ. ಉಪನ್ಯಾಸ ಮಾಡುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವನು ರೋಗದ ಹೆಸರಿನಿಂದ ಆರಂಭಿಸಿ, ರೋಗಾಣು, ಅದನ್ನು ಹರಡುವ ನುಸಿ, ಲಕ್ಷಣ, ಪರೀಕ್ಷೆ, ಔಷಧ ಎಂದು ಸಾಗುತ್ತ, ಬೇಕಾದಲ್ಲಿ ರೋಗಿಯನ್ನು ಕರೆದು ನಿಲ್ಲಿಸಿ ಮತ್ತೆ ಕಳಿಸಿಬಿಡುತ್ತಾನೆ. ವಾರ್ಡಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಹೀಗಾಗಿ ಉಪನ್ಯಾಸದ ಟಿಪ್ಪಣಿಯನ್ನು ನಾಲ್ಕು ತಲೆಬರಹಗಳ ಕೆಳಗೆ ಹಂಚಿಬಿಟ್ಟರೆ ನಮೂನೆ ಆಗುವುದಿಲ್ಲ. ಟಿಪ್ಪಣಿಯಲ್ಲಿರುವ ಪ್ರತಿಯೊಂದು ವಾಕ್ಯವೂ ಯಾರ ಬಗ್ಗೆ ಆಡಿದ್ದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಟಿಪ್ಪಣಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮೂರು ಬಗೆಯ ಗುರುತು ಹಾಕುತ್ತೇನೆ. "ಈ ರೋಗಿಯ ಪ್ಲೇಟ್‌ಲೆಟ್ 68,000 ಇತ್ತು" ಎಂಬುದು ರೋಗಿಯ ಮಾತು, ಅದಕ್ಕೆ 'ರೋಗಿ' ಎಂದು ಬರೆಯುತ್ತೇನೆ. "ಸ್ಕ್ರಬ್ ಟೈಫಸ್‌ನಲ್ಲಿ ಪ್ಲೇಟ್‌ಲೆಟ್ ಇಳಿಯುವುದುಂಟು" ಎಂಬುದು ರೋಗದ ಮಾತು, ಅದಕ್ಕೆ 'ರೋಗ'. "ಕಂಕುಳಲ್ಲಿ ಎಸ್ಕಾರ್ ಇತ್ತು" ಎಂಬುದು ಮೂರನೆಯ ಬಗೆ; ಕೇಳಿದರೆ ರೋಗಿಯ ಮಾತಿನಂತೆಯೇ ಇದೆ, ಆದರೆ ಅದರೊಳಗೆ ಉಪನ್ಯಾಸಕನ ತೀರ್ಮಾನ ಸೇರಿಕೊಂಡಿದೆ. ಅದಕ್ಕೆ 'ತೀರ್ಮಾನ' ಎಂದು ಬರೆಯುತ್ತೇನೆ. ಹಿಸ್ಟರಿಗೂ ತಪಾಸಣೆಗೂ ಹೋಗಬೇಕಾದದ್ದು ಮೊದಲನೆಯ ಬಗೆ ಮಾತ್ರ. ಎರಡನೆಯದು ರೋಗನಿರ್ಣಯದ ತರ್ಕಕ್ಕೆ ಬೇಕಾದಷ್ಟು ಹೋಗುತ್ತದೆ, ಉಳಿದದ್ದು ಬಿದ್ದುಹೋಗುತ್ತದೆ. ನನ್ನ ಆ ಉಪನ್ಯಾಸದಲ್ಲಿ ಮುಕ್ಕಾಲು ಪಾಲು ಎರಡನೆಯ ಬಗೆಯೇ ಆಗಿತ್ತು ಎಂದು ನಿಮ್ಮ ಟಿಪ್ಪಣಿಗಳನ್ನು ಓದಿದ ಮೇಲೆ ನನಗೆ ತಿಳಿಯಿತು. ಮೂರನೆಯ ಬಗೆಯನ್ನು ಮಾತ್ರ ಬಿಡಿಸಿ, ಕಂಡದ್ದನ್ನು ಒಂದು ಕಡೆ, ಅಂದುಕೊಂಡದ್ದನ್ನು ಇನ್ನೊಂದು ಕಡೆ ಇಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಿಸ್ಟರಿ. ನನ್ನ ಸ್ಲೈಡಿನಲ್ಲಿ "ಸುಮಾರು ಒಂದು ವಾರದಿಂದ ಜ್ವರ" ಎಂದಿತ್ತು, ಎಲ್ಲರೂ ಅದನ್ನೇ ಬರೆದುಕೊಂಡಿದ್ದೀರಿ. ಆದರೆ ಅದೇ ಹೊತ್ತಿನಲ್ಲಿ ನಾನು ಆ ಮಹಿಳೆಯ ಮಾತನ್ನೂ ನಗುತ್ತ ಹೇಳಿದ್ದೆ. "ಯಾವತ್ತಿಂದ ಜ್ವರ ಅಮ್ಮ?" ಎಂದು ಕೇಳಿದಾಗ ಅವರು ಹೇಳಿದ್ದು ಇದು: "ಟೀವೀಲಿ ಜಂಬೂಸವಾರಿ ನೋಡ್ತಾ ಕುಂತಿದ್ದೆ ಸಾ, ಆವತ್ ಸಂಜೆ ಚಳಿ ಬಂದು ಮಲಿಕಂಡೋಳು, ಇವತ್ಗೂ ಸರ್ಯಾಗಿ ಎದ್ದಿಲ್ಲ." ನೀವೂ ನಕ್ಕಿರಿ, ಯಾರೂ ಬರೆದುಕೊಳ್ಳಲಿಲ್ಲ. ಆ ಇಡೀ ಗಂಟೆಯಲ್ಲಿ ಹಿಸ್ಟರಿಗೆ ಸಿಕ್ಕ ಅತ್ಯಂತ ಖಚಿತವಾದ ಮಾಹಿತಿ ಅದೇ ಆಗಿತ್ತು. ಆ ವರ್ಷದ ವಿಜಯದಶಮಿ ಮಂಗಳವಾರ ಬಂದಿತ್ತು. ಅವರು ದಾಖಲಾದದ್ದು ಮುಂದಿನ ವಾರದ ಬುಧವಾರ. ಚಳಿ ಬಂದ ದಿನವನ್ನು ಮೊದಲನೆಯ ದಿನವೆಂದು ಎಣಿಸಿದರೆ ದಾಖಲಾದದ್ದು ಜ್ವರದ 9ನೆಯ ದಿನ.

ಒಂದು ವಾರವಾದರೇನು, 9 ದಿನವಾದರೇನು ಎಂದು ಅನ್ನಿಸಬಹುದು. ಮುಂದೆ ಬರುವ ಪ್ರತಿಯೊಂದು ರಕ್ತಪರೀಕ್ಷೆಯ ಅರ್ಥವೂ ಈ ಎಣಿಕೆಯ ಮೇಲೆ ನಿಂತಿದೆ. ಡೆಂಗಿಯ ಎನ್‌ಎಸ್‌1 ಪರೀಕ್ಷೆ ಜ್ವರದ ಮೊದಲ ನಾಲ್ಕೈದು ದಿನಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹ. 9ನೆಯ ದಿನ ಅದು ನೆಗೆಟಿವ್ ಬಂದರೆ ಡೆಂಗಿ ಇಲ್ಲವೆಂದು ಹೇಳಲಾಗದು, ಆಗ ಐಜಿಎಂ ನೋಡಬೇಕು. ಸ್ಕ್ರಬ್ ಟೈಫಸ್‌ನ ಐಜಿಎಂ ಎಲಿಸಾ ಇದಕ್ಕೆ ತಿರುಗುಮುರುಗು. ಮೊದಲ ವಾರದ ಕೊನೆಯವರೆಗೆ ಅದು ನೆಗೆಟಿವ್ ಇರುವುದು ಸಾಮಾನ್ಯ, ಆಮೇಲೆ ಪಾಸಿಟಿವ್ ಆಗುತ್ತದೆ. 4ನೆಯ ದಿನದ ನೆಗೆಟಿವ್ ಎಲಿಸಾಕ್ಕೂ 9ನೆಯ ದಿನದ ನೆಗೆಟಿವ್ ಎಲಿಸಾಕ್ಕೂ ತೂಕ ಒಂದೇ ಅಲ್ಲ. ಆದ್ದರಿಂದ ನಮೂನೆಯ ಹಿಸ್ಟರಿಯಲ್ಲಿ "ಎಷ್ಟು ದಿನ" ಎಂಬ ಖಾನೆಯನ್ನು ತೆಗೆದು, "ಶುರುವಾದ ದಿನಾಂಕ, ಅದನ್ನು ರೋಗಿ ಯಾವುದರಿಂದ ನೆನಪಿಟ್ಟಿದ್ದಾರೆ, ಇಂದು ಎಷ್ಟನೆಯ ದಿನ" ಎಂದು ಬರೆಸುತ್ತೇನೆ. ನಮ್ಮ ಕಡೆಯ ಜನ ದಿನಾಂಕ ಹೇಳುವುದು ಕಡಿಮೆ. ಹಬ್ಬ, ಸಂತೆ, ಜಾತ್ರೆ, ಸಂಘದ ಕಂತು ಕಟ್ಟಿದ ದಿನ ಇವುಗಳನ್ನು ಹೇಳುತ್ತಾರೆ, ಮತ್ತು ಅವು "ಒಂದು ವಾರ" ಎಂಬುದಕ್ಕಿಂತ ಎಷ್ಟೋ ನಿಖರ.

ಅದೇ ದಿನಾಂಕದಿಂದ ಹಿಂದಕ್ಕೂ ಎಣಿಸಬೇಕಾಗುತ್ತದೆ. ಈ ರೋಗಾಣು ಮೈ ಸೇರಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 6ರಿಂದ 21 ದಿನ ಹಿಡಿಯುತ್ತದೆ. ಆದ್ದರಿಂದ "ಏನು ಕೆಲಸ?" ಎಂಬ ಪ್ರಶ್ನೆಗೆ "ಕೂಲಿ" ಎಂಬ ಉತ್ತರ ಸಾಲದು, ಜಂಬೂಸವಾರಿಗೆ ಹಿಂದಿನ ಮೂರು ವಾರಗಳಲ್ಲಿ ಅವರು ಎಲ್ಲೆಲ್ಲಿ ಕೂತರು, ಏನೇನು ಹೊತ್ತರು ಎಂಬುದು ಬೇಕು. ಆಕೆ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆದಿದ್ದರು, ಪ್ರತಿ ಸಂಜೆ ನಾಲೆಯ ಏರಿಯ ಮೇಲೆ ಹಸುವಿಗೆ ಹುಲ್ಲು ಕೊಯ್ದು ಹೊರೆ ಹೊತ್ತು ತಂದಿದ್ದರು. ಇದು ಹಿಸ್ಟರಿಗೆ ಸೇರುವ ಮಾತು. "ಏನಾದರೂ ಕಚ್ಚಿತೇ?" ಎಂಬ ಪ್ರಶ್ನೆಗೆ ಅವರು ಇಲ್ಲ ಎಂದಿದ್ದರು, ಅದನ್ನೂ ಬರೆಯಬೇಕು, ಆದರೆ ಅದನ್ನು ರೋಗದ ವಿರುದ್ಧದ ಸಾಕ್ಷಿಯಾಗಿ ಎಣಿಸಬಾರದು, ಏಕೆಂದರೆ ಕಚ್ಚುವುದು ನುಸಿಯ ಮರಿ, ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ, ಕಚ್ಚಿದ್ದು ಗೊತ್ತಾಗುವುದೂ ಇಲ್ಲ. ಇಬ್ಬರು ವಿದ್ಯಾರ್ಥಿಗಳು ಇದನ್ನು ಉಣ್ಣೆ ಎಂದು ಬರೆದಿದ್ದರು. ಉಣ್ಣೆ ಬೇರೆ, ಅದು ಹರಡುವುದು ಕ್ಯಾಸನೂರು ಕಾಡಿನ ಕಾಯಿಲೆಯನ್ನು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ ಮೊದಲು ಗುರುತಿಸಿದ ಆ ಕಾಯಿಲೆಗಾಗಿಯೇ ನಾವು "ಇತ್ತೀಚೆಗೆ ಮಲೆನಾಡಿನ ಕಡೆ ಹೋಗಿದ್ದಿರಾ?" ಎಂದು ಕೇಳುತ್ತೇವೆ. ಈಕೆ ಹೋಗಿರಲಿಲ್ಲ.

ಹಿಸ್ಟರಿಯಲ್ಲಿ ಇನ್ನೊಂದೇ ವಿಷಯಕ್ಕೆ ನಿಲ್ಲುತ್ತೇನೆ. ಊರಿನ ಕ್ಲಿನಿಕ್ಕಿನಲ್ಲಿ ಮೂರು ದಿನ "ಇಂಜೆಕ್ಷನ್ ಹಾಕಿ ಗ್ಲೂಕೋಸ್ ಏರಿಸಿದ್ರು" ಎಂದಿದ್ದರು. ಯಾವ ಇಂಜೆಕ್ಷನ್? ಮಗ ತಂದಿದ್ದ ಚೀಟಿಯಲ್ಲಿ ಸೆಫ್ಟ್ರಿಯಾಕ್ಸೋನ್ ಎಂದಿತ್ತು. ಈ ರೋಗಾಣುವಿನ ಮೇಲೆ ಅದು ಕೆಲಸ ಮಾಡುವುದಿಲ್ಲ, ಹೀಗಾಗಿ ಜ್ವರ ಇಳಿಯದಿದ್ದದ್ದು ತಾನೇ ಒಂದು ಸುಳಿವಾಯಿತು. ಚೀಟಿಯಲ್ಲಿ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಇದ್ದಿದ್ದರೆ ಇಡೀ ಚಿತ್ರ ಮಸುಕಾಗುತ್ತಿತ್ತು. "ಹೊರಗಡೆ ಚಿಕಿತ್ಸೆ ಪಡೆದಿದ್ದಾರೆ" ಎಂಬ ಸಾಲು ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಇನ್ನು ತಪಾಸಣೆ. ನಿಮ್ಮ ಹಾಳೆಗಳಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಈ ಭಾಗ. ಉಪನ್ಯಾಸದಲ್ಲಿ ನಾನು ಹೃದಯದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆದರೂ ಹಲವರು "ಹೃದಯ: ಸಹಜ" ಎಂದು ಬರೆದಿದ್ದೀರಿ. ಯಾರೂ ಸುಳ್ಳು ಹೇಳಬೇಕೆಂದು ಬರೆದದ್ದಲ್ಲ, ಖಾನೆ ಖಾಲಿ ಬಿಡಬಾರದೆಂಬ ಅಭ್ಯಾಸ ಬರೆಸಿದೆ. ನಮೂನೆಯ ಈ ಭಾಗದಲ್ಲಿ ಮೂರು ಉತ್ತರಗಳಿಗೆ ಜಾಗ ಇರಬೇಕು: 'ನೋಡಿದೆ, ಸಹಜ', 'ನೋಡಿಲ್ಲ', ಮತ್ತು ಉಪನ್ಯಾಸದಿಂದ ಬರೆಯುವಾಗ, 'ಹೇಳಿಲ್ಲ'.

ಇದನ್ನು ನಾನು ಕಲಿತದ್ದು ಅವಮಾನದಿಂದ. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ನಾಲ್ಕು ದಿನದಿಂದ ವಾರ್ಡಿನಲ್ಲಿದ್ದರೂ ಜ್ವರ ಬಿಡದ ಒಬ್ಬ ರೈತರ ಕೇಸನ್ನು ರೌಂಡ್ಸಿನಲ್ಲಿ ಹೇಳುತ್ತಿದ್ದೆ. "ಚರ್ಮ: ಸಹಜ" ಎಂದೆ. ನಮ್ಮ ಗುರುಗಳು ಏನೂ ಮಾತಾಡದೆ ರೋಗಿಯ ಪಂಚೆಯ ಗಂಟನ್ನು ಸ್ವಲ್ಪ ಸಡಿಲಿಸಿ, ಸೊಂಟದ ಉಡಿದಾರವನ್ನು ಬೆರಳಿನಿಂದ ಮೇಲಕ್ಕೆ ಸರಿಸಿದರು. ದಾರದ ಕೆಳಗೆ ಬೀಡಿ ಸುಟ್ಟಂತಹ ಕಪ್ಪು ಕಲೆಯಿತ್ತು. ನಾನು ಆ ಮನುಷ್ಯನ ಎದೆ, ಬೆನ್ನು, ಕೈಕಾಲು ನೋಡಿದ್ದೆ, ಸೊಂಟ ನೋಡಿರಲಿಲ್ಲ. 'ಸೊಂಟ, ತೊಡೆಸಂದು ನೋಡಿಲ್ಲ' ಎಂದು ಬರೆದಿದ್ದರೆ ಅದನ್ನು ಓದಿದ ಯಾರಾದರೂ ಎರಡನೆಯ ದಿನವೇ ನೋಡಿರುತ್ತಿದ್ದರು. 'ಸಹಜ' ಎಂದು ಬರೆದದ್ದರಿಂದ ಆ ಬಾಗಿಲು ಮುಚ್ಚಿಹೋಯಿತು.

ಹಾಗಾಗಿ ಕಾರಣ ತಿಳಿಯದ ಜ್ವರದ ನಮೂನೆಯಲ್ಲಿ ಚರ್ಮಕ್ಕೆ ಒಂದೇ ಖಾನೆ ಇಡದೆ ಜಾಗಗಳನ್ನು ಹೆಸರಿಸಿ ಬರೆಯುತ್ತೇನೆ: ಕಿವಿಯ ಹಿಂದೆ, ಕಂಕುಳು, ಸ್ತನದ ಕೆಳಗೆ, ಸೊಂಟ, ತೊಡೆಸಂದು, ಜನನಾಂಗದ ಸುತ್ತ. ಬಟ್ಟೆ ಬಿಗಿಯುವ, ಚರ್ಮ ಮಡಿಯುವ ಜಾಗಗಳೇ ಇವು. ಮಹಿಳೆಯರಲ್ಲಿ ಒಪ್ಪಿಗೆ ಕೇಳಿ, ಪರದೆ ಎಳೆದು, ಮಹಿಳಾ ಸಿಬ್ಬಂದಿಯ ಜೊತೆಯಲ್ಲಿ ನೋಡಬೇಕು. ಅದಕ್ಕೆ ಸಮಯ ಸಾಲದಿದ್ದರೆ 'ನೋಡಿಲ್ಲ' ಎಂದು ಬರೆದು ಮುಂದಿನ ಪಾಳಿಯವರಿಗೆ ಬಿಡುವುದು ಮರ್ಯಾದೆಯ ಮಾತು.

ಈಗ ಅಂಚಿನಲ್ಲಿ 'ತೀರ್ಮಾನ' ಎಂದು ಬರೆದಿಟ್ಟ ವಾಕ್ಯಕ್ಕೆ ಬರೋಣ. "ಕಂಕುಳಲ್ಲಿ ಎಸ್ಕಾರ್ ಇತ್ತು" ಎಂದರೆ ಕೇಳುವವರ ತಲೆಯಲ್ಲಿ ರೋಗದ ಹೆಸರು ಬಂದು ಕೂತುಬಿಡುತ್ತದೆ, ಮುಂದಿನ ಯಾವ ಮಾತಿಗೂ ಅವರು ಕಿವಿಗೊಡುವುದಿಲ್ಲ. ತಪಾಸಣೆಯ ಭಾಗದಲ್ಲಿ ಅದೇ ವಾಕ್ಯ ಹೀಗಿರಬೇಕು: "ಬಲ ಕಂಕುಳಲ್ಲಿ 8 ಮಿಲಿಮೀಟರ್ ಅಗಲದ, ನೋವಾಗಲಿ ತುರಿಕೆಯಾಗಲಿ ಇಲ್ಲದ, ಒಣಗಿದ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಅದೇ ಕಂಕುಳಲ್ಲಿ ಮುಟ್ಟಿದರೆ ನೋಯುವ, ಕಡಲೆಕಾಯಿ ಬೀಜದಷ್ಟು ದೊಡ್ಡ ಎರಡು ಗಂಟುಗಳು." ಎಸ್ಕಾರ್ ಎಂಬ ಪದ ಮೂರನೆಯ ಭಾಗಕ್ಕೆ ಹೋಗಲಿ. ಹೀಗೆ ಬರೆದರೆ, ಅದು ಸುಟ್ಟ ಗಾಯವೋ, ಒಡೆದ ಕುರುವೋ, ಬೇರೆಯೇನೋ ಎಂದು ಯೋಚಿಸುವ ಅವಕಾಶ ಕೇಳುವವರಿಗೂ ಉಳಿಯುತ್ತದೆ. ಫೋಟೋ ತೆಗೆದರೆ ಒಪ್ಪಿಗೆಯಿಂದ, ಮುಖ, ತಾಳಿ, ಹಚ್ಚೆ ಏನೂ ಬೀಳದಂತೆ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆಯಿರಿ.

ಇಲ್ಲಿ ಒಬ್ಬ ಹೌಸ್‌ಸರ್ಜನ್ ಎದ್ದು ಕೇಳಿದರು: "ಸರ್, ಉಪನ್ಯಾಸದ ತಲೆಬರಹದಲ್ಲೇ ರೋಗದ ಹೆಸರಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಗೊತ್ತಿಲ್ಲದವರ ಹಾಗೆ ಬರೆಯುವುದು ನಾಟಕವಾಗುವುದಿಲ್ಲವೇ?" ನ್ಯಾಯವಾದ ಪ್ರಶ್ನೆ. ನಾನು ಕೊಟ್ಟ ಉತ್ತರ ಇಷ್ಟು: ಈ ಎರಡು ಭಾಗಗಳನ್ನು ಹೆಸರಿಲ್ಲದೆ ಬರೆದು, ಉಪನ್ಯಾಸಕ್ಕೆ ಬಾರದ ಒಬ್ಬ ಸಹಪಾಠಿಗೆ ಓದಲು ಕೊಡಿ. ಅವರು ಸ್ಕ್ರಬ್ ಟೈಫಸ್ ಎಂದು ತಾವಾಗಿಯೇ ಹೇಳಿದರೆ, ಅಥವಾ ಅದಕ್ಕೆ ಸಮವಾದ ಇನ್ನೊಂದು ಸಾಧ್ಯತೆಯನ್ನು ಕಾರಣಸಹಿತ ಹೇಳಿದರೆ, ನಿಮ್ಮ ಬರಹದಲ್ಲಿ ರೋಗಿ ಇದ್ದಾರೆ. "ಏನೋ ಜ್ವರ" ಎಂದಷ್ಟೇ ಹೇಳಿದರೆ, ನಿಮ್ಮ ರೋಗನಿರ್ಣಯ ರೋಗಿಯಿಂದ ಬಂದದ್ದಲ್ಲ, ನನ್ನ ತಲೆಬರಹದಿಂದ ಬಂದದ್ದು.

ಮೊದಲ ಎರಡು ಭಾಗ ಸರಿಯಾಗಿ ಬಂದರೆ ಮೂರನೆಯದರ ಮೊದಲ ಸಾಲು ತಾನಾಗಿ ಬರುತ್ತದೆ. ಈ ರೋಗಿಯ ಬಗ್ಗೆ ನಾನು ಬರೆಯುವ ಸಾಲು ಇದು: "ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವ, ನಾಲೆ ಏರಿಯ ಹುಲ್ಲು ಕೊಯ್ಯುವ 46 ವರ್ಷದ ಮಹಿಳೆ, ಚಳಿ ಮತ್ತು ತಲೆನೋವಿನೊಡನೆ ಬಂದ ಜ್ವರದ 9ನೆಯ ದಿನ, ಸೆಫ್ಟ್ರಿಯಾಕ್ಸೋನ್‌ಗೆ ಇಳಿದಿಲ್ಲ, ಕಂಕುಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಮತ್ತು ಗಂಟುಗಳು, ಉಸಿರಾಟ ನಿಮಿಷಕ್ಕೆ 26, ಪ್ಲೇಟ್‌ಲೆಟ್ 68,000, ಯಕೃತ್ತಿನ ಕಿಣ್ವಗಳು ಸಹಜಕ್ಕಿಂತ ಮೂರು ಪಟ್ಟು." ಇದರ ಕೆಳಗೆ ಮೊದಲ ಸಾಧ್ಯತೆ ಸ್ಕ್ರಬ್ ಟೈಫಸ್. ನಂತರ ಇನ್ನೆರಡು ಮೂರು ಸಾಧ್ಯತೆಗಳು ಸಾಕು. ಹನ್ನೆರಡು ಜ್ವರಗಳ ಪಟ್ಟಿ ಬರೆದವರು ಯಾವುದನ್ನೂ ಯೋಚಿಸಿಲ್ಲ ಎಂದೇ ನನ್ನ ಅನುಭವ. ಪ್ರತಿಯೊಂದರ ಎದುರು, ಅದರ ಪರವಾಗಿ ಈ ರೋಗಿಯಲ್ಲಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ಬರೆಯಬೇಕು.

ಡೆಂಗಿಯ ಪರವಾಗಿ ಪ್ಲೇಟ್‌ಲೆಟ್ ಇದೆ; ವಿರುದ್ಧವಾಗಿ ಹಕ್ಕಳೆ, ಬಿಳಿರಕ್ತಕಣ 11,400 ಇರುವುದು, ಮತ್ತು ಜ್ವರ ವಾರ ಕಳೆದರೂ ಏರಿಯೇ ಇರುವುದು. ಮಲೇರಿಯಾ ರಕ್ತಲೇಪನದಲ್ಲಿ ಕಂಡಿಲ್ಲ, ಆದರೆ ಒಂದೇ ಲೇಪನ ನೋಡಿರುವುದರಿಂದ ಮತ್ತೊಮ್ಮೆ ನೋಡಬೇಕು. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ನಮ್ಮ ನಾಲೆ ಬಯಲಿನಲ್ಲಿ ಮರೆಯಬಾರದ ಹೆಸರು. ಇಲ್ಲಿ ಕಣ್ಣು ಕೆಂಪಾಗಿಲ್ಲ, ಮೀನಖಂಡ ಒತ್ತಿದರೆ ನೋವಿಲ್ಲ, ಕಾಮಾಲೆ ಇಲ್ಲ, ಕ್ರಿಯಾಟಿನಿನ್ 1.0 ಇದೆ. ಹಿಸ್ಟರಿ ಮತ್ತು ತಪಾಸಣೆಯಲ್ಲಿ 'ಇಲ್ಲ' ಎಂಬ ಉತ್ತರಗಳನ್ನು ಯಾಕೆ ಬರೆಯಬೇಕೆಂಬುದು ಇಲ್ಲಿ ಕಾಣುತ್ತದೆ. ಮೀನಖಂಡದ ನೋವಿಲ್ಲ ಎಂಬ ಸಾಲನ್ನು ಇಲಿಜ್ವರಕ್ಕಾಗಿ ಬರೆದದ್ದು. ಯಾವ ಸಾಧ್ಯತೆಗೂ ಸೇರದ 'ಇಲ್ಲ'ಗಳನ್ನು ತೆಗೆದುಹಾಕಬಹುದು.

ಹಕ್ಕಳೆ ಕಂಡದ್ದರಿಂದ ಈ ಕೇಸು ಸುಲಭವಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಎಲ್ಲ ರೋಗಿಗಳಲ್ಲೂ ಅದು ಇರುವುದಿಲ್ಲ, ನಮ್ಮ ಮೈಬಣ್ಣದಲ್ಲಿ ಇದ್ದರೂ ಸುಲಭವಾಗಿ ಕಾಣುವುದಿಲ್ಲ. ಎಲಿಸಾ ಪಾಸಿಟಿವ್ ಎಂಬುದು ಕೂಡ ಕೊನೆಯ ಮಾತಲ್ಲ. ಹಿಂದೆ ಬಂದು ಹೋದ ಸೋಂಕಿನ ಐಜಿಎಂ ತಿಂಗಳುಗಟ್ಟಲೆ ಉಳಿಯಬಹುದು. ಇನ್ನೂ ಕೆಲವೆಡೆ ಮಾಡುವ ವೈಲ್-ಫೆಲಿಕ್ಸ್ ಪರೀಕ್ಷೆ ನೆಗೆಟಿವ್ ಬಂದರೆ ಅದರಿಂದ ಏನನ್ನೂ ತಳ್ಳಿಹಾಕಲಾಗದು. ಅದಕ್ಕೇ ರೋಗನಿರ್ಣಯದ ಎದುರು 'ಖಚಿತ' ಅಥವಾ 'ಬಹುಮಟ್ಟಿಗೆ' ಎಂಬ ಪದಗಳಲ್ಲಿ ಒಂದನ್ನು ಬರೆಯಬೇಕು. ದಾಖಲಾದ ದಿನ ಇದು 'ಬಹುಮಟ್ಟಿಗೆ'.

ಯೋಜನೆಯ ಭಾಗದಲ್ಲಿ ಉಪನ್ಯಾಸದಿಂದ ಬಂದ ಸಾಲು "ಡಾಕ್ಸಿಸೈಕ್ಲಿನ್ ಕೊಡಬೇಕು" ಎಂದಷ್ಟೇ ಇತ್ತು. ಅದು ರೋಗದ ಮಾತು. ರೋಗಿಯ ಮಾತಾಗಬೇಕಾದರೆ ಹೀಗೆ ಬರೆಯಬೇಕು: "ಎಲಿಸಾ ವರದಿಗೆ ಕಾಯದೆ ಇಂದೇ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಬಾಯಿಯ ಮೂಲಕ, 7 ದಿನ." ಅದರ ಜೊತೆಗೆ ಮಾತ್ರೆಯನ್ನು ತುಂಬ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದಿರಲು ಹೇಳಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಗರ್ಭಿಣಿಯಾಗಿದ್ದರೆ ಇದರ ಬದಲು ಅಜಿತ್ರೊಮೈಸಿನ್. ಆದ್ದರಿಂದ 46 ವರ್ಷವಾದರೂ ಕೊನೆಯ ಮುಟ್ಟಿನ ದಿನಾಂಕ ಹಿಸ್ಟರಿಯಲ್ಲಿ ಇರಬೇಕಿತ್ತು. ಉಪನ್ಯಾಸದಲ್ಲಿ ನಾನದನ್ನು ಹೇಳಿರಲಿಲ್ಲ, ನಮೂನೆಯಲ್ಲಿ 'ಹೇಳಿಲ್ಲ' ಎಂದು ಬರೆದ ಒಬ್ಬ ವಿದ್ಯಾರ್ಥಿನಿಯಿಂದ ನನಗೆ ನೆನಪಾಯಿತು. ಡೆಂಗಿ ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲದ ಕಾರಣ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಡೈಕ್ಲೊಫೆನಾಕ್ ಬೇಡ, ಸ್ನಾಯುವಿಗೆ ಇಂಜೆಕ್ಷನ್ ಬೇಡ.

ಎಲ್ಲಕ್ಕಿಂತ ಹೆಚ್ಚು ಕಾಣೆಯಾಗುವುದು 'ಹೀಗಾದರೆ ಹಾಗೆ' ಎಂಬ ಸಾಲು. ಈ ರೋಗ ಪುಪ್ಪುಸ, ಮೂತ್ರಪಿಂಡ, ಮೆದುಳುಗಳನ್ನು ಹಿಡಿಯಬಲ್ಲದು. ಈಕೆಯ ಉಸಿರಾಟ ಆಗಲೇ 26, ಆಮ್ಲಜನಕ 94. ಆದ್ದರಿಂದ: "ನಾಲ್ಕು ಗಂಟೆಗೊಮ್ಮೆ ಉಸಿರಾಟ ಮತ್ತು ಆಮ್ಲಜನಕ ನೋಡುವುದು, ಉಸಿರಾಟ 30 ದಾಟಿದರೆ, ಆಮ್ಲಜನಕ 92ಕ್ಕಿಂತ ಇಳಿದರೆ ಅಥವಾ ಮಂಪರು ಕಂಡರೆ ಹಿರಿಯರಿಗೆ ತಿಳಿಸಿ ತೀವ್ರ ನಿಗಾ ಘಟಕಕ್ಕೆ. 48 ಗಂಟೆಗಳಲ್ಲಿ ಜ್ವರ ಇಳಿಯದಿದ್ದರೆ ರೋಗನಿರ್ಣಯವನ್ನು ಮತ್ತೆ ನೋಡುವುದು." ಇದರಲ್ಲೂ ಒಂದು ಎಚ್ಚರಿಕೆಯಿದೆ: ಡಾಕ್ಸಿಸೈಕ್ಲಿನ್ ಇಲಿಜ್ವರಕ್ಕೂ ಕೆಲಸ ಮಾಡುತ್ತದೆ, ಹಾಗಾಗಿ ಜ್ವರ ಇಳಿದದ್ದನ್ನೇ ಸ್ಕ್ರಬ್ ಟೈಫಸ್‌ಗೆ ಪುರಾವೆ ಎಂದು ಬರೆಯುವಂತಿಲ್ಲ.

ಆಕೆಯ ಜ್ವರ ಮಾರನೆಯ ರಾತ್ರಿ ಇಳಿಯಿತು, ಎಲಿಸಾ ವರದಿ ಮೂರನೆಯ ದಿನ ಪಾಸಿಟಿವ್ ಬಂತು. ನಿಮ್ಮಲ್ಲಿ ಕೆಲವರು ಅದನ್ನು ನೋಡಿ ಮೇಲಿನ ರೋಗನಿರ್ಣಯದ ಸಾಲನ್ನು 'ಖಚಿತ' ಎಂದು ತಿದ್ದಿದ್ದೀರಿ. ತಿದ್ದಬೇಡಿ. ದಾಖಲಾದ ದಿನ ನಮಗೆ ಎಷ್ಟು ಗೊತ್ತಿತ್ತೋ ಅಷ್ಟು ಮೇಲೆ ಹಾಗೆಯೇ ಇರಲಿ. ಅದರ ಕೆಳಗೆ ಒಂದು ಗೆರೆ ಎಳೆದು, ಜ್ವರದ 11ನೆಯ ದಿನ ಎಂದು ಬರೆದು, ಹೊಸ ಸಾಲನ್ನು ಸೇರಿಸಿ.